ಸಹಾಯ ಬೇಕು: ನ್ಯಾಫ್ತಲೀನ್ ಫ್ಲೋರೆಸೆನ್ಸ್ ಆಯುಷ್ಯ 96 ns ಬರಬೇಕಿತ್ತು, 70 ns ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ಸೈಕ್ಲೋಹೆಕ್ಸೇನ್‌ನಲ್ಲಿ ನ್ಯಾಫ್ತಲೀನ್, ಕೋಣೆಯ ಉಷ್ಣತೆ, ಅಬ್ಸಾರ್ಬೆನ್ಸ್ 0.1ಕ್ಕಿಂತ ಕಡಿಮೆ. ಆಕ್ಸಿಜನ್ ತೆಗೆದ ದ್ರಾವಣಕ್ಕೆ ಕೈಪಿಡಿಗಳಲ್ಲಿರುವ ಬೆಲೆಗಳು: ಆಯುಷ್ಯ 96 ns, ಫ್ಲೋರೆಸೆನ್ಸ್ ಕ್ವಾಂಟಮ್ ಯೀಲ್ಡ್ 0.19, ಟ್ರಿಪ್ಲೆಟ್ ಯೀಲ್ಡ್ 0.75. ನೈಟ್ರೋಜನ್ 20 ನಿಮಿಷ ಬಿಟ್ಟ ಮೇಲೂ ನಮಗೆ ಸಿಕ್ಕಿದ್ದು 70 ns, 0.14.

ಯಾಬ್ಲೋನ್‌ಸ್ಕಿ ಚಿತ್ರದಲ್ಲಿ S1ನಿಂದ ಇಳಿಯುವ ಬಾಣಗಳು ಎಷ್ಟಿದ್ದರೂ S1ಗೆ ಇರುವುದು ಒಂದೇ ಆಯುಷ್ಯ. (ವಿದ್ಯಾರ್ಥಿಗಳು ಬಾಣಕ್ಕೊಂದು ಆಯುಷ್ಯ ಬರೆಯುವುದು ಇಲ್ಲಿಯ ಮಾಮೂಲಿ ತಪ್ಪು.) ಆಯಾ ಬಾಣದ ವೇಗ ಬೇಕಿದ್ದರೆ ಅದರ ಯೀಲ್ಡನ್ನು ಆ ಆಯುಷ್ಯದಿಂದ ಭಾಗಿಸಬೇಕು:

```
kf   = 0.19 / 96 ns = 2.0×10⁶ s⁻¹
kisc = 0.75 / 96 ns = 7.8×10⁶ s⁻¹
kf   = 0.14 / 70 ns = 2.0×10⁶ s⁻¹  (ನಮ್ಮದು)
```

kf ಬದಲಾಗಿಲ್ಲ, ಹಾಗಾಗಿ ಯೀಲ್ಡ್ ಅಳತೆಯಲ್ಲಿ ತಪ್ಪಿಲ್ಲ ಅನ್ನಿಸುತ್ತದೆ. ಹೊಸದೊಂದು ಬಾಣ ಸೇರಿಕೊಂಡಿದೆ, ಅದರ ವೇಗ 1/70 − 1/96, ಅಂದರೆ ಸುಮಾರು 3.9×10⁶ s⁻¹. ಉಳಿದ ಆಕ್ಸಿಜನ್ನೇ ಇರಬೇಕೆಂದು ಅನುಮಾನ. ಅದು S1ನ್ನು T1 ಕಡೆಗೆ ತಳ್ಳುವುದರಿಂದ ಈ ದ್ರಾವಣದ ಟ್ರಿಪ್ಲೆಟ್ ಯೀಲ್ಡನ್ನು ನಂಬಿ kisc ಲೆಕ್ಕ ಹಾಕುವ ಧೈರ್ಯವಿಲ್ಲ. ಫಾಸ್ಫೊರೆಸೆನ್ಸ್ ವಿಷಯ ಆಮೇಲೆ, ಅದಕ್ಕೆ 77 K ಬೇಕೇ ಬೇಕು.

ತಿಳಿದವರು ಹೇಳಿ: ರಬ್ಬರ್ ಸೆಪ್ಟಮ್ ಮೂಲಕ ಗಾಳಿ ನುಗ್ಗುತ್ತಿದೆಯೋ, ದ್ರಾವಕದ ಕಲ್ಮಶವೋ, ಬೇರ್ಪಡಿಸಿ ನೋಡುವುದು ಹೇಗೆ? ದ್ರವ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ, ಪಂಪ್ ಮಾಡಿ, ಕರಗಿಸುವ ಸುತ್ತು ಎಷ್ಟು ಬೇಕು? ಸೈಕ್ಲೋಹೆಕ್ಸೇನ್ ಗಟ್ಟಿಯಾದಾಗ ಕ್ವಾರ್ಟ್ಜ್ ಕ್ಯುವೆಟ್ ಒಡೆಯದಂತೆ ಏನು ಮಾಡುತ್ತೀರಿ?