ಸಹಾಯ ಬೇಕು: ಮಹಡಿ ಮನೆ ಬಾಡಿಗೆಗೆ ಆದಾಯ ತೆರಿಗೆ ಲೆಕ್ಕ

ನಮಸ್ಕಾರ. ಮೈಸೂರಿನಲ್ಲಿ ನಮ್ಮದೊಂದು ಮನೆ ಇದೆ. ಕೆಳಗೆ ನಾವಿದ್ದೇವೆ, ಅಷ್ಟೇ ಅಳತೆಯ ಮಹಡಿಯನ್ನು ತಿಂಗಳಿಗೆ 14,000ಕ್ಕೆ ಬಾಡಿಗೆಗೆ ಕೊಟ್ಟಿದ್ದೇವೆ. ವರ್ಷಕ್ಕೆ 1,68,000 ಆಯ್ತು.

ಪಾಲಿಕೆ ಕಂದಾಯ ಇಡೀ ಕಟ್ಟಡಕ್ಕೆ ವರ್ಷಕ್ಕೆ 5,000. ಹೋದ ವರ್ಷದ್ದು ಬಾಕಿ ಇತ್ತು, ಈ ವರ್ಷ ಎರಡೂ ಸೇರಿಸಿ 10,000 ಕಟ್ಟಿದೆವು. ಮಾಲೀಕರು ಕಟ್ಟಿದ ವರ್ಷದಲ್ಲೇ ಕಂದಾಯ ಕಳೆಯಬೇಕು, ಹಳೇ ಬಾಕಿಯಾದರೂ ಸರಿ ಎಂದು ಗೊತ್ತು. ಮಹಡಿಯ ಪಾಲು ಅರ್ಧ ಅಂತ 5,000 ಕಳೆದೆ. ಉಳಿದ 1,63,000ದಲ್ಲಿ ಶೇ. 30, ಅಂದರೆ 48,900 ಸ್ಟ್ಯಾಂಡರ್ಡ್ ಡಿಡಕ್ಷನ್. ಕೊನೆಗೆ 1,14,100 ನನ್ನ ಪೆನ್ಷನ್ ಜೊತೆ ಸೇರುತ್ತದೆ.

ಪಕ್ಕದ ಮನೆಯವರು ಮೊದಲು ಶೇ. 30 ತೆಗೆದು ಆಮೇಲೆ ಕಂದಾಯ ಕಳೆಯಿರಿ ಅಂತಾರೆ. ಹಾಗೆ ಮಾಡಿದರೆ 1,12,600 ಬರುತ್ತದೆ, ಆದರೆ ಕಾನೂನಿನ ಕ್ರಮ ಅದಲ್ಲ ಅಲ್ವಾ? ಬಣ್ಣ ಹೊಡೆಸಿದ 28,000ವನ್ನೂ ಸೇರಿಸಿ ಅಂತಾರೆ. ರಿಪೇರಿ, ಬಣ್ಣ ಎಲ್ಲ ಆ ಶೇ. 30ರಲ್ಲೇ ಬಂತು, ಬೇರೆ ಸಿಗಲ್ಲ.

ನನಗೆ ಬೇಕಿರುವುದು ಎರಡೇ ಉತ್ತರ. ರಸೀದಿಯಲ್ಲಿ ಬಾಕಿಗೆ ಹಾಕಿದ ದಂಡ ಬೇರೆ ಇದೆ, ಅದನ್ನೂ ಕಳೆಯಬಹುದಾ? ಕಂದಾಯ ಹಂಚಲು ಚದರಡಿ ಲೆಕ್ಕ ಸಾಕಾ? ರಿಟರ್ನ್ ತುಂಬಿ ಅನುಭವ ಇರುವವರು ದಯವಿಟ್ಟು ಹೇಳಿ.