ಸಹಾಯ ಬೇಕು: ಚೌತಿಗೆ ಮಕ್ಕಳ ನಾಟಕ, ಕೊನೆಯ ದೃಶ್ಯ ಕೂಡ್ತಾ ಇಲ್ಲ

ಎಲ್ಲರಿಗೂ ನಮಸ್ಕಾರ. ಕುಮಟಾ ಕಡೆ ನಮ್ಮ ಕೇರಿಯ ಗಣೇಶೋತ್ಸವಕ್ಕೆ ಗೋಕರ್ಣದ ಆತ್ಮಲಿಂಗದ ಕಥೆಯನ್ನು ಹತ್ತು ನಿಮಿಷದ ನಾಟಕ ಮಾಡಿದ್ದೇನೆ. ಪರದೆ ಇಲ್ಲ, ಒಂದೇ ಮೈಕು, ಅದು ನಿರೂಪಕಿಯ ಕೈಯಲ್ಲಿ.

ಸಂಜೆಯಾಗುವುದನ್ನು ನಿರೂಪಕಿಯಿಂದ ಹೇಳಿಸಿಲ್ಲ. ಕೋಲಿಗೆ ಕಟ್ಟಿದ ಹಳದಿ ರಟ್ಟಿನ ಸೂರ್ಯನ ಮುಂದೆ ಇನ್ನೊಬ್ಬ ಹುಡುಗ ಚಕ್ರ ಹಿಡಿಯುತ್ತಾನೆ, ರಾವಣ ಮೇಲೆ ನೋಡಿ "ಅಯ್ಯೋ, ಸಂಧ್ಯಾವಂದನೆಯ ಹೊತ್ತಾಯ್ತಲ್ಲ!" ಅನ್ನುತ್ತಾನೆ, ಅಷ್ಟೇ. ವಟು ಗಣಪತಿ ಮೂರು ಸಲ ಕೂಗುವಾಗ ದನ ಕಾಯುವ ಪುಟಾಣಿಗಳೆಲ್ಲ "ರಾವಣಾ!" ಅಂತ ದನಿಗೂಡಿಸುತ್ತಾರೆ. ಮಾತು ಬಾಯಿಪಾಠ ಬಾರದವರಿಗೂ ಪಾತ್ರ ಸಿಕ್ಕಿತು.

ತೊಡಕು ಆಮೇಲಿನದು. ಗಣಪತಿ ನೆಲಕ್ಕಿಟ್ಟ ಲಿಂಗವನ್ನು ರಾವಣ ಕೀಳಲಾಗದೆ ಅದರ ಸಂಪುಟ, ಮುಚ್ಚಳ, ದಾರ, ವಸ್ತ್ರಗಳನ್ನು ಎಸೆಯುತ್ತಾನೆ. ಅವು ಬಿದ್ದ ಊರುಗಳನ್ನು ಸಜ್ಜೇಶ್ವರ, ಧಾರೇಶ್ವರ, ಗುಣವಂತೆ, ಮುರುಡೇಶ್ವರ ಎಂದು ನಿರೂಪಕಿ ಓದತೊಡಗಿದರೆ ಬಸ್ಸಿನ ಬೋರ್ಡು ಓದಿದಂತಿದೆ! ನಾಲ್ಕು ಮಕ್ಕಳನ್ನು ಪ್ರೇಕ್ಷಕರ ನಡುವೆ ಕೂರಿಸಿ, ಬಿದ್ದದ್ದನ್ನು ಹಿಡಿದು ಎದ್ದು ಊರಿನ ಹೆಸರು ಹೇಳಿಸುವ ಯೋಚನೆ ಇದೆ. ಮೈಕಿಲ್ಲದೆ ಕೂಗಲು ಬರುವಂಥ, ಪ್ರಾಸವಿರುವ ಒಂದೊಂದು ಸಾಲು ಯಾರಾದರೂ ಬರೆದುಕೊಡ್ತೀರಾ? ಎಂಟು ವರ್ಷದವರು ಒಂದೇ ಉಸಿರಲ್ಲಿ ಹೇಳುವಂತಿರಲಿ.

ರಾವಣ ಗಣಪತಿಯ ತಲೆಗೆ ಗುದ್ದುವುದನ್ನು ಚಂಡೆಯ ಒಂದೇ ಪೆಟ್ಟಿನಲ್ಲಿ ಮುಗಿಸಿದರೆ ಸಾಕೇ, ಅದನ್ನೂ ಹೇಳಿ.