ಸಹಾಯ ಬೇಕು: ಮಾರ್ಕೆಟ್ ಸುಮ್ಮನಿದೆಯೋ, ಎಕ್ಸ್‌ಚೇಂಜೇ ನಿಂತಿದೆಯೋ?

ಎಲ್ಲರಿಗೂ ನಮಸ್ಕಾರ. ಬಿಟ್‌ಕಾಯಿನ್‌ನ ರೂಪಾಯಿ ಬೆಲೆಯನ್ನು ಹಗಲೂ ರಾತ್ರಿ ಕಾಯಲು ಒಂದು ಪೈಥಾನ್ ಪ್ರೋಗ್ರಾಂ ಬರೆದಿದ್ದೇನೆ. ಎಕ್ಸ್‌ಚೇಂಜಿನ ವೆಬ್‌ಸಾಕೆಟ್‌ನಿಂದ ಟ್ರೇಡ್‌ಗಳು ಬರುತ್ತವೆ. ಬೆಲೆ 3% ಬಿದ್ದರೆ ಫೋನ್ ಬಡಿದುಕೊಳ್ಳುತ್ತದೆ.

ಕಳೆದ ಶನಿವಾರ ರಾತ್ರಿ ಬಡಿದುಕೊಳ್ಳಲೇ ಇಲ್ಲ. ಬೆಳಿಗ್ಗೆ ನೋಡಿದರೆ ಬೆಲೆ 5% ಬಿದ್ದು, ಅರ್ಧ ವಾಪಸ್ಸೂ ಬಂದಿತ್ತು. ಲಾಗ್‌ನಲ್ಲಿ 2:10ರಿಂದ 2:50ರವರೆಗೆ ಒಂದೂ ಟ್ರೇಡ್ ಇಲ್ಲ. ಆದರೆ ಕನೆಕ್ಷನ್ ಕಡಿದಿರಲಿಲ್ಲ, ಪಿಂಗ್‌ಗೆ ಪಾಂಗ್ ನೆಟ್ಟಗೆ ಬರ್ತಾ ಇತ್ತು! ನನ್ನ ಪ್ರೋಗ್ರಾಂ ಎಲ್ಲ ಸರಿಯಿದೆ ಅಂದುಕೊಂಡು ಹಳೇ ಬೆಲೆಯನ್ನೇ ಹಿಡಿದು ಕೂತಿತ್ತು.

ಆಮೇಲೆ 30 ಸೆಕೆಂಡ್ ಟ್ರೇಡ್ ಬರದಿದ್ದರೆ ಅಲಾರಾಂ ಹೊಡೆಯುವಂತೆ ಮಾಡಿದೆ. ಭಾನುವಾರ ಒಂದೇ ರಾತ್ರಿ ಏಳು ಸಲ ಎಬ್ಬಿಸಿತು, ಏಳೂ ಸುಳ್ಳು. ವಾರಾಂತ್ಯದಲ್ಲಿ ಕೊಳ್ಳುವವರೇ ಕಮ್ಮಿ, ಒಂದೆರಡು ನಿಮಿಷ ವ್ಯವಹಾರ ಇಲ್ಲದಿರುವುದು ಮಾಮೂಲಿ. (ಮನೆಯವರು ಫೋನ್ ಹಾಲ್‌ನಲ್ಲಿಡಿ ಅಂದಿದ್ದಾರೆ.) ಇನ್ನೊಂದು ಎಕ್ಸ್‌ಚೇಂಜಿನ ಬೆಲೆ ಜೊತೆ ಹೋಲಿಸಿ, 1% ವ್ಯತ್ಯಾಸಕ್ಕೆ ಅಲಾರಾಂ ಇಟ್ಟೆ. ಆದರೆ ಆರ್ಡರ್ ಬುಕ್ ತೆಳ್ಳಗಿರುವಾಗ ಒಂದು ದೊಡ್ಡ ಆರ್ಡರ್ ಬಂದರೂ ಅಷ್ಟು ವ್ಯತ್ಯಾಸ ಆಗುತ್ತದೆ.

ಸರ್ವರ್ ಟೈಮ್ ಕೇಳುವುದರಿಂದಲೂ ಪ್ರಯೋಜನ ಇಲ್ಲ ಅನಿಸುತ್ತದೆ. ಮ್ಯಾಚಿಂಗ್ ಎಂಜಿನ್ ನಿಂತಿದ್ದರೂ ಅದು ಉತ್ತರ ಕೊಡಬಹುದು, ಅಲ್ವಾ?

ನನ್ನ ಪ್ರಶ್ನೆ ಇಷ್ಟೇ: ಟ್ರೇಡ್ ಬಿಟ್ಟು, ಆರ್ಡರ್ ಬುಕ್ ಅಪ್‌ಡೇಟ್‌ನ ಸೀಕ್ವೆನ್ಸ್ ನಂಬರ್ ಮುಂದೆ ಹೋಗುತ್ತಿದೆಯಾ ಅಂತ ನೋಡಿದರೆ ಸಾಕಾ? ಸಾಕು ಅಂದರೆ, ವಾರಾಂತ್ಯಕ್ಕೆ ಎಷ್ಟು ಸೆಕೆಂಡ್ ಮಿತಿ ಇಟ್ಟಿದ್ದೀರಿ?